ಬಚ್ಚಲುಮನೆಗೆ ಟೈಲ್ಸ್ ಹಾಕುವ ಮುಂಚೆ: ಮಳೆಗಾಲದಲ್ಲಿ ಕೋಟ್ ಎಷ್ಟು ದಿನ ಒಣಗಬೇಕು, ನೀರು ಹೇಗೆ ಕಟ್ಟಿ ನೋಡಬೇಕು?

ಪ್ರಶ್ನೆ: ಸರ್, ಹೊಸನಗರದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮಹಡಿಯ ಬಚ್ಚಲುಮನೆ 8 ಅಡಿ, 5 ಅಡಿ. ಸ್ಲ್ಯಾಬ್ ತಗ್ಗಿಸಿ ಬಿಟ್ಟಿದ್ದ ಸಂಕನ್ ಜಾಗ ತುಂಬಿ, ಮೇಲೆ ಕಾಂಕ್ರೀಟ್ ಹಾಕಿ ಹತ್ತು ದಿನ ಆಯ್ತು. ಮೇಸ್ತ್ರಿ "ಇವತ್ತು ಎರಡು ಕೋಟ್ ವಾಟರ್‌ಪ್ರೂಫಿಂಗ್ ಹೊಡೆದು ನಾಳಿದ್ದು ಟೈಲ್ಸ್ ಶುರು ಮಾಡೋಣ" ಅಂತಾರೆ. ಶ್ರಾವಣದಲ್ಲಿ ಗೃಹಪ್ರವೇಶ. ಹೊರಗೆ ಬಿಡದೆ ಮಳೆ. ಎಷ್ಟು ದಿನ ಬಿಡಬೇಕು? ನೀರು ಕಟ್ಟಿ ನೋಡೋದು ನಿಜಕ್ಕೂ ಬೇಕಾ? ಹಳೇ ಮನೆಯಲ್ಲಿ ಬಚ್ಚಲಿನ ಕೆಳಗಿನ ರೂಮಿನ ಗೋಡೆ ಪೂರ್ತಿ ಬೂಷ್ಟು ಹಿಡಿದಿತ್ತು, ಆ ಭಯ ಇದೆ.

ಉತ್ತರ: ನಾಳಿದ್ದು ಟೈಲ್ಸ್ ಹಾಕಬೇಡಿ. ಈ ಹವೆಯಲ್ಲಿ ಎರಡನೇ ಕೋಟ್ ಆದಮೇಲೆ ಕಡಿಮೆ ಅಂದ್ರೂ 7 ದಿನ, ಬಿಡದೆ ಮಳೆ ಇದ್ದರೆ 10 ದಿನ ಬಿಡಿ. ಆಮೇಲೆ ಮೂರು ದಿನ ನೀರು ಕಟ್ಟಿ. ನೀರು ನಿಂತರೆ ಟೈಲ್ಸ್. ಅಂದರೆ ಇವತ್ತಿನಿಂದ ಎರಡು ವಾರ. ಶ್ರಾವಣಕ್ಕೆ ತಡ ಆಗುತ್ತೆ ಅನ್ನಿಸಿದರೆ ಆ ಎರಡು ವಾರ ಟೈಲ್ಸ್‌ನವರಿಗೆ ಹಾಲ್, ರೂಮು, ಅಡುಗೆಮನೆಯ ಕೆಲಸ ಕೊಡಿ. ಬಚ್ಚಲನ್ನು ಕೊನೆಗೆ ಇಟ್ಟುಕೊಳ್ಳಿ.

ನಿಮ್ಮ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಒಂದು ಕೋಟಿನಿಂದ ಇನ್ನೊಂದಕ್ಕೆ 4ರಿಂದ 6 ಗಂಟೆ ಅಂತ ಎಷ್ಟೋ ಚೀಲಗಳ ಮೇಲೆ ಬರೆದಿರುತ್ತೆ. ಆದರೆ ಅದು ಬಿಸಿಲು, ಗಾಳಿ ಇರುವ ಹವೆಯ ಲೆಕ್ಕ. ನಮ್ಮ ಪುನರ್ವಸು, ಪುಷ್ಯ ಮಳೆಯ ಲೆಕ್ಕ ಅಲ್ಲ. ಇಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗಲ್ಲ, ಅಲ್ವಾ? ಕೋಟಿನ ಕತೆಯೂ ಅದೇ.

ಹೆಚ್ಚಿನ ಕಡೆ ಹಚ್ಚುವುದು ಎರಡು ಭಾಗದ ಕೆಮಿಕಲ್. ಒಂದು ಚೀಲದಲ್ಲಿ ಸಿಮೆಂಟ್ ಸೇರಿದ ಪುಡಿ, ಒಂದು ಕ್ಯಾನಿನಲ್ಲಿ ಹಾಲಿನಂಥ ಅಕ್ರಿಲಿಕ್ ದ್ರವ. ಮಳೆಗಾಲಕ್ಕೆ ಇದೇ ಒಳ್ಳೆಯದು, ಯಾಕೆಂದರೆ ಸ್ವಲ್ಪ ತೇವ ಇರುವ ನೆಲವನ್ನೂ ಇದು ಹಿಡಿದುಕೊಳ್ಳುತ್ತೆ. ಪಾಲಿಯುರೆಥೇನ್ ಕೋಟಿಗೆ ಸಾಮಾನ್ಯವಾಗಿ ನೆಲ ಪೂರ್ತಿ ಒಣಗಿರಬೇಕು. ಈಗ ನಿಮ್ಮಲ್ಲಿ ಅದು ಆಗದ ಮಾತು.

ಈ ಎರಡು ಭಾಗ ಕಲಸಿದಾಗ ಒಳಗೆ ಎರಡು ಕೆಲಸ ನಡೆಯುತ್ತೆ. ಸಿಮೆಂಟ್ ನೀರನ್ನು ಹೀರಿ ಗಟ್ಟಿಯಾಗುತ್ತೆ. ಅಕ್ರಿಲಿಕ್‌ನ ಸಣ್ಣ ಸಣ್ಣ ಕಣಗಳು, ನಡುವಿನ ನೀರು ಹೊರಗೆ ಹೋದಮೇಲೆ ಒಂದಕ್ಕೊಂದು ಅಂಟಿ, ರಬ್ಬರಿನಂಥ ಪದರ ಆಗುತ್ತವೆ. ನೀರು ಹೊರಗೆ ಹೋಗಬೇಕಾದರೆ ಅದನ್ನು ತೆಗೆದುಕೊಳ್ಳುವ ಜಾಗ ಗಾಳಿಯಲ್ಲಿ ಇರಬೇಕು. ಜುಲೈನ ಮಲೆನಾಡಿನ ಗಾಳಿಯಲ್ಲಿ ಆ ಜಾಗವೇ ಇರಲ್ಲ. ಮೇಲ್ಪದರ ಒಣಗಿದಂತೆ ಕಾಣುತ್ತೆ, ಒಳಗೆ ಹಸಿ ಇರುತ್ತೆ.

ಇದನ್ನು ನಾನು ನಮ್ಮ ಅಕ್ಕನ ಮನೆಯಲ್ಲೇ ನೋಡಿದೆ. ತೀರ್ಥಹಳ್ಳಿ ಕಡೆಯ ಮನೆ, ಜುಲೈ ತಿಂಗಳು. ಕೆಲಸದವರು ಎರಡನೇ ಕೋಟ್ ಹೊಡೆದ ಮರುದಿನವೇ ನೀರು ಕಟ್ಟಿದ್ದರು. ನಾನು ಹೋಗಿ ನೋಡುವಾಗ ಬಚ್ಚಲಿನಲ್ಲಿ ಮಜ್ಜಿಗೆ ನೀರು ನಿಂತಂತೆ ಕಾಣುತ್ತಿತ್ತು. ಕೈ ಹಾಕಿ ನೆಲವನ್ನು ಬೆರಳಿಂದ ಉಜ್ಜಿದೆ. ಬೂದಿ ಬಣ್ಣದ ಲೋಳೆ ಬೆರಳಿಗೆ ಬಂತು. ಮೂಲೆಯಲ್ಲಿ ಎರಡು ಕಡೆ ಕೋಟ್ ಗುಳ್ಳೆಯಾಗಿ ಎದ್ದಿತ್ತು. ಒಣಗುವ ಮೊದಲೇ ನೀರು ಬಿದ್ದದ್ದಕ್ಕೆ ಅಕ್ರಿಲಿಕ್ ಮತ್ತೆ ನೀರಿಗೆ ಬಿಟ್ಟುಕೊಂಡಿತ್ತು. ಅದರ ಮೇಲೆ ಇನ್ನೊಂದು ಕೋಟ್ ಹೊಡೆದರೆ ಪ್ರಯೋಜನ ಇಲ್ಲ. ಪೂರ್ತಿ ಕೆರೆದು ಮೊದಲಿಂದ ಮಾಡಿದೆವು.

ಅದಕ್ಕೇ ದಿನ ಎಣಿಸುವುದರ ಜೊತೆ ಕೈಯಿಂದಲೂ ಪರೀಕ್ಷೆ ಮಾಡಿ. ಒಂದು ಬಿಳಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಕೋಟಿನ ಮೇಲೆ ಒಂದೇ ಜಾಗದಲ್ಲಿ ಇಪ್ಪತ್ತು ಸಲ ಜೋರಾಗಿ ಉಜ್ಜಿ. ಬಟ್ಟೆಗೆ ಹಾಲಿನಂತೆ ಏನಾದರೂ ಬಂದರೆ ಇನ್ನೂ ಆಗಿಲ್ಲ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ನಿಲ್ಲಬಾರದು. ಬಣ್ಣ ಎಲ್ಲಾ ಕಡೆ ಒಂದೇ ಇರಬೇಕು. ಕಪ್ಪಗೆ ಕಾಣುವ ಕಡೆ ಹಸಿ ಇದೆ ಎಂದು ಅರ್ಥ. ಈ ಪರೀಕ್ಷೆಯನ್ನು ನಡುವಿನ ನೆಲದಲ್ಲಿ ಮಾಡಬೇಡಿ, ಅದು ಮೊದಲು ಒಣಗುತ್ತೆ. ನೆಲ ಗೋಡೆ ಸೇರುವ ಮೂಲೆಯಲ್ಲಿ, ನೆಲದ ನೀರು ಹೊರಗೆ ಹೋಗುವ ನಾನಿ ಟ್ರ್ಯಾಪಿನ ಸುತ್ತ ಮಾಡಿ. ಅಲ್ಲಿ ಕೋಟ್ ದಪ್ಪ ಇರುತ್ತೆ, ಗಾಳಿ ಕಡಿಮೆ.

ಇದೇ ಪರೀಕ್ಷೆ ಎರಡು ಕೋಟುಗಳ ನಡುವೆಯೂ ಬೇಕು. ಮೊದಲನೇ ಕೋಟ್ ಬೆಳಿಗ್ಗೆ ಹಚ್ಚಿದರೆ ಎರಡನೆಯದನ್ನು ಮರುದಿನ ಬೆಳಿಗ್ಗೆ ಹಚ್ಚಿ. ಅಂಗೈ ಇಟ್ಟು ತೆಗೆದಾಗ ಕೈಗೆ ಅಂಟಬಾರದು, ಬಣ್ಣ ಹತ್ತಬಾರದು. ಮೊದಲನೆಯದನ್ನು ಉದ್ದಕ್ಕೆ ಎಳೆದಿದ್ದರೆ ಎರಡನೆಯದನ್ನು ಅಡ್ಡಕ್ಕೆ ಎಳೆಯಲಿ. ಆಗ ಬ್ರಷ್ ಬಿಟ್ಟುಹೋದ ಜಾಗ ಮುಚ್ಚುತ್ತೆ.

ಬೇಗ ಒಣಗಲಿ ಅಂತ ಏನು ಮಾಡಬಹುದು? ಒಂದು ನಿಲ್ಲುವ ಫ್ಯಾನ್ ಬಾಗಿಲ ಬಳಿ ಇಟ್ಟು ನಿಧಾನಕ್ಕೆ ಹಗಲು ರಾತ್ರಿ ಬಿಡಿ. ಜಡಿ ಮಳೆ ಇದ್ದರೆ ಬಚ್ಚಲಿನ ಕಿಟಕಿ ಮುಚ್ಚಿ, ಮನೆಯ ಒಳಗಿನ ಗಾಳಿ ಆಡಲಿ. ಹೊರಗಿನ ಗಾಳಿ ಬಂದರೆ ತೇವವೇ ಬರುತ್ತೆ. ಹತ್ತಿರದಲ್ಲಿ ಕೆಂಡದ ಬಾಣಲೆ ಇಡುವುದು, ಹೀಟರನ್ನು ನೆಲಕ್ಕೆ ತಿರುಗಿಸುವುದು ಬೇಡ. ಮೇಲ್ಪದರ ಮಾತ್ರ ಬಿಗಿದು ಬಿರುಕು ಬಿಡುತ್ತೆ. ಮುಚ್ಚಿದ ರೂಮಿನಲ್ಲಿ ಕೆಂಡದ ಹೊಗೆ ಜೀವಕ್ಕೂ ಅಪಾಯ. ಇನ್ನೊಂದು ಮಾತು. ಗಾರೆ ಕೆಲಸದವರಿಗೆ ಸಿಮೆಂಟ್ ಕಂಡರೆ ನೀರು ಹಾಕುವ ಅಭ್ಯಾಸ. ಗಾರೆಗೆ ಅದು ಸರಿ. ಈ ಎರಡು ಭಾಗದ ಕೋಟಿಗೆ, ಚೀಲದ ಮೇಲೆ ಬರೆದಿದ್ದರೆ ಮಾತ್ರ ನೀರು. ಇಲ್ಲದಿದ್ದರೆ ಗಾಳಿಯಲ್ಲೇ ಕ್ಯೂರಿಂಗ್.

ಈಗ ಕೋಟ್ ಹಚ್ಚುವ ಮುಂಚಿನ ಮಾತು. ನಾನು ನೋಡಿದ ಸೋರಿಕೆಗಳಲ್ಲಿ ಬಟಾಬಯಲು ನೆಲದ ನಡುವೆ ಸೋರಿದ್ದು ಬಹಳ ಕಡಿಮೆ. ಸೋರುವುದು ಮೂರು ಕಡೆ: ನೆಲ ಗೋಡೆ ಸೇರುವ ಮೂಲೆ, ಪೈಪುಗಳ ಸುತ್ತ, ಬಾಗಿಲ ಹೊಸ್ತಿಲು.

ಮೂಲೆಯಲ್ಲಿ ನೆಲವೂ ಗೋಡೆಯೂ ಬೇರೆ ಬೇರೆ ದಿನ ಕಟ್ಟಿದವು, ಒಂದಿಷ್ಟು ಅಲುಗಾಡುತ್ತವೆ. ಚೂಪು ಮೂಲೆಗೆ ಹಚ್ಚಿದ ಕೋಟ್ ಅಲ್ಲೇ ಸೀಳುತ್ತೆ. ಅದಕ್ಕೆ ಮೊದಲು ಪಾಲಿಮರ್ ಸೇರಿಸಿದ ಗಾರೆಯಿಂದ ಮೂಲೆಯನ್ನು ಒಂದು ಇಂಚಿನಷ್ಟು ದುಂಡು ಮಾಡಿಸಿ. ಮೊದಲನೇ ಕೋಟ್ ಹಸಿ ಇರುವಾಗಲೇ ಅದರ ಮೇಲೆ ಫೈಬರ್ ಮೆಶ್ ಪಟ್ಟಿ ಒತ್ತಿ ಕೂರಿಸಲಿ, ನೆಲದ ಮೇಲೆ ಅರ್ಧ, ಗೋಡೆಯ ಮೇಲೆ ಅರ್ಧ. ನಿಮ್ಮದು ಜಂಬಿಟ್ಟಿಗೆ ಗೋಡೆಯಾದರೆ ಕಲ್ಲಿನ ಮೇಲೆ ನೇರ ಕೋಟ್ ಬೇಡ. ಅದರ ತುಂಬಾ ತೂತು. ಗಾರೆ ಮಾಡಿ, ಅದಕ್ಕೆ ಒಂದು ವಾರ ನೀರು ಹಾಕಿ, ಆಮೇಲೆ ಕೋಟ್.

ಪಿವಿಸಿ ಪೈಪ್ ನುಣುಪು. ಅದಕ್ಕೆ ಸಿಮೆಂಟ್ ಅಂಟುವುದಿಲ್ಲ, ಸುಮ್ನೆ ಮುತ್ತಿಕೊಂಡಿರುತ್ತೆ ಅಷ್ಟೇ. ಪೈಪಿನ ಸುತ್ತ ಬೆರಳು ಹೋಗುವಷ್ಟು ಕಾಲುವೆ ಬಿಡಿಸಿ, ಪೈಪನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿಸಿ, ಕಾಲುವೆಗೆ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ. ಆಮೇಲೆ ಅದರ ಮೇಲೆ ಮೆಶ್, ಕೋಟ್. ನಾನಿ ಟ್ರ್ಯಾಪಿನ ಬಾಯಿಯ ಒಳಗೂ ಕೋಟ್ ಇಳಿದಿರಬೇಕು. ಟ್ರ್ಯಾಪಿನ ಬಾಯಿ ಕಾಂಕ್ರೀಟಿಗಿಂತ ಮೇಲೆ ಎದ್ದು ನಿಂತಿದ್ದರೆ ಈಗಲೇ ಕತ್ತರಿಸಿ ಸಮ ಮಾಡಿಸಿ. ಟೈಲ್ಸ್‌ನ ಸಂದಿಯಿಂದ ನೀರು ಇಳಿದೇ ಇಳಿಯುತ್ತೆ. ಹಾಗೆ ಇಳಿದದ್ದು ಕೋಟಿನ ಮೇಲೆ ಹರಿದು ಟ್ರ್ಯಾಪಿಗೆ ಸೇರಬೇಕು. ಬಾಯಿ ಎತ್ತರದಲ್ಲಿದ್ದರೆ ಆ ನೀರು ಟೈಲ್ಸ್ ಕೆಳಗೆ ವರ್ಷವಿಡೀ ನಿಂತಿರುತ್ತೆ. ಹಾಗೆಯೇ ವಾಟ ಕೂಡ ಕೋಟಿನ ಕೆಳಗಿನ ಕಾಂಕ್ರೀಟಿನಲ್ಲೇ ಇರಬೇಕು, 100ಕ್ಕೆ 1ರಂತೆ. 8 ಅಡಿಗೆ ಸುಮಾರು ಒಂದು ಇಂಚು ಇಳಿಜಾರು. ಟೈಲ್ಸ್ ಗಾರೆಯಲ್ಲಿ ವಾಟ ಕೊಡ್ತೀನಿ ಅಂದರೆ ಒಪ್ಪಬೇಡಿ.

ಕೋಟ್ ಹಚ್ಚುವ ದಿನ ಕಾಂಕ್ರೀಟನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ನಿಂತ ನೀರನ್ನು ಬಟ್ಟೆಯಿಂದ ಒರೆಸಲಿ. ನೆಲ ಕಪ್ಪಗೆ ತೇವವಾಗಿರಬೇಕು, ಹೊಳೆಯಬಾರದು. ಆ ಹದ ಸಾಕು.

ಎಷ್ಟು ಕೆಮಿಕಲ್ ಬೇಕು ಅನ್ನುವ ಲೆಕ್ಕ ನೀವೇ ಇಟ್ಟುಕೊಳ್ಳಿ. ನಿಮ್ಮ ನೆಲ 40 ಚದರ ಅಡಿ. ಸುತ್ತ ಗೋಡೆಗೆ ಒಂದು ಅಡಿ ಎತ್ತರ, ಬಾಗಿಲು ಬಿಟ್ಟು 24 ಚದರ ಅಡಿ. ಶವರ್ ಇರುವ ಕಡೆ ಇನ್ನೂ 6 ಅಡಿ ಮೇಲಕ್ಕೆ ಹೋಗಬೇಕು. 5 ಅಡಿಯ ಗೋಡೆ ಮತ್ತು ಅದರ ಎರಡು ಪಕ್ಕದ ಮೂರು ಮೂರು ಅಡಿ ಹಿಡಿದರೆ 66 ಚದರ ಅಡಿ. ಒಟ್ಟು 130, ಅಂದರೆ ಸುಮಾರು 12 ಚದರ ಮೀಟರ್. ಎರಡೂ ಕೋಟ್ ಸೇರಿ ಒಂದು ಮಿಲಿಮೀಟರ್ ದಪ್ಪ ಬರಬೇಕಾದರೆ ಚದರ ಮೀಟರಿಗೆ ಹತ್ತಿರ ಹತ್ತಿರ 2 ಕೆಜಿ ಮಾಲು ಬೇಕು. ಪುಡಿ ಮತ್ತು ದ್ರವ ಸೇರಿ 24 ಕೆಜಿ. ಮೇಸ್ತ್ರಿ 10 ಕೆಜಿಯಲ್ಲಿ ಮುಗಿಸಿದರೆ ನೀರು ಬೆರೆಸಿದ್ದಾರೆ ಅಥವಾ ತೆಳ್ಳಗೆ ಎಳೆದಿದ್ದಾರೆ. ಖಾಲಿ ಚೀಲ, ಕ್ಯಾನು ಬಿಸಾಡಬೇಡಿ, ಸಂಜೆ ಎಣಿಸಿ ನೋಡಿ. ಗಾರೆಗೆ ಬೆರೆಸುವ ವಾಟರ್‌ಪ್ರೂಫ್ ಪುಡಿ, ದ್ರವ ಬೇರೆ ವಸ್ತು. ಅದು ಗಾರೆಯೊಳಗೆ ನೀರು ಇಳಿಯುವುದನ್ನು ಕಡಿಮೆ ಮಾಡುತ್ತೆ. ಈ ಕೋಟಿನ ಕೆಲಸವನ್ನು ಅದು ಮಾಡಲ್ಲ.

ಈಗ ನೀರು ಕಟ್ಟುವ ವಿಚಾರ. ಬೇಕಾ ಅಂತ ಕೇಳಿದ್ದೀರಿ. ಬೇಕೇ ಬೇಕು. ನಿಮ್ಮದು ಸಂಕನ್ ತುಂಬಿದ ನೆಲವಾದ್ದರಿಂದ ಇನ್ನೂ ಹೆಚ್ಚು ಬೇಕು. ಯಾಕೆ ಅಂತ ಹೇಳ್ತೀನಿ. ಜನ ನೀರು ಕಟ್ಟಿ ಕೆಳಗಿನ ರೂಮಿಗೆ ಹೋಗಿ ತಾರಸಿ ನೋಡುತ್ತಾರೆ. ಒಣಗಿದೆ, ಪಾಸ್ ಅನ್ನುತ್ತಾರೆ. ಆದರೆ ನಿಮ್ಮ ಕೋಟಿನ ಕೆಳಗೆ ಒಂದು ಅಡಿ ಇಟ್ಟಿಗೆ ಚೂರು, ಜಲ್ಲಿ ತುಂಬಿದೆ. ಇಡೀ ನೆಲದಲ್ಲಿ 5 ಮಿಲಿಮೀಟರ್ ನೀರು ಇಳಿದರೆ 18 ಲೀಟರ್ ಚಿಲ್ಲರೆ. ಅಷ್ಟು ನೀರನ್ನು ಆ ತುಂಬಿದ ಚೂರು ಸದ್ದಿಲ್ಲದೆ ಕುಡಿದುಬಿಡುತ್ತೆ. ತಾರಸಿಯಲ್ಲಿ ಕಲೆ ಬೀಳಲು ತಿಂಗಳುಗಳು ಬೇಕಾಗಬಹುದು. ಅಷ್ಟರಲ್ಲಿ ಟೈಲ್ಸ್ ಹಾಕಿ, ಗೃಹಪ್ರವೇಶ ಮಾಡಿ ಆಗಿರುತ್ತೆ. ಹಾಗಾಗಿ ನೀವು ನಂಬಬೇಕಾದ್ದು ನೀರಿನ ಮಟ್ಟವನ್ನು. ತಾರಸಿ ನೋಡುವುದು ಅದರ ಜೊತೆಗಿನ ಕೆಲಸ.

ಮೊದಲು ಗೋಡೆಯೊಳಗಿನ ಪೈಪುಗಳಿಗೆ ಪ್ಲಂಬರ್ ಪ್ರೆಷರ್ ಟೆಸ್ಟ್ ಮಾಡಿರಬೇಕು. ಇಲ್ಲದಿದ್ದರೆ ನಾಳೆ ತೇವ ಕಂಡಾಗ ಪೈಪಿನದೋ ನೆಲದ್ದೋ ಗೊತ್ತಾಗಲ್ಲ. ನಾನಿ ಟ್ರ್ಯಾಪಿಗೆ ರಬ್ಬರ್ ಇರುವ ಟೆಸ್ಟ್ ಪ್ಲಗ್ ಹಾಕಿಸಿ. ಗೋಣಿಚೀಲ ತುರುಕಿದರೆ ಅದೇ ಸೋರುತ್ತೆ. ಪೈಪ್ ಹೊರಗೆ ಬರುವ ಕಡೆ ಒಣಗಿದ ಬಕೆಟ್ ಇಡಿ, ಪ್ಲಗ್ ಸೋರಿದರೆ ಅಲ್ಲಿ ನೀರು ಕಾಣುತ್ತೆ. ಬಾಗಿಲ ಬಳಿ ಇಟ್ಟಿಗೆ, ಗಾರೆಯಿಂದ ಮೂರು ಇಂಚು ಕಟ್ಟೆ ಕಟ್ಟಿಸಿ, ಅದರ ಒಳಮೈಗೂ ಕೋಟ್ ಹಚ್ಚಿಸಿ.

ನೀರು ಬಾಗಿಲ ಬಳಿ ಒಂದು ಇಂಚು ನಿಲ್ಲಲಿ. ವಾಟ ಸರಿ ಇದ್ದರೆ ಟ್ರ್ಯಾಪಿನ ಬಳಿ ಎರಡು ಇಂಚು ಬರುತ್ತೆ. ಒಟ್ಟು 140 ಲೀಟರ್ ಆಸುಪಾಸು. ಎರಡು ಗಂಟೆ ಬಿಟ್ಟು, ಅಲೆ ಇಲ್ಲದಾಗ ಗೋಡೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯಿರಿ, ಪಕ್ಕದಲ್ಲಿ ದಿನ, ಗಂಟೆ ಬರೆಯಿರಿ. ಅದೇ ಬಚ್ಚಲಿನೊಳಗೆ ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲೂ ನೀರು ತುಂಬಿಸಿ ಗೆರೆ ಎಳೆಯಿರಿ. ಟಬ್ಬಿನಿಂದ ನೀರು ಆವಿಯಾಗಿ ಮಾತ್ರ ಹೋಗಬಲ್ಲದು. ನೆಲದ ನೀರು ಅದಕ್ಕಿಂತ ಜಾಸ್ತಿ ಇಳಿದರೆ ಅಷ್ಟೂ ಸೋರಿದ್ದು. ಫ್ಯಾನ್ ಆರಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. 24 ಗಂಟೆಗೆ ನಿಲ್ಲಿಸುವವರಿದ್ದಾರೆ. ನಾನು 72 ಗಂಟೆ ಬಿಡುತ್ತೇನೆ, ಸಣ್ಣ ಸೋರಿಕೆ ಮೊದಲ ದಿನ ಆವಿಯ ಲೆಕ್ಕದಲ್ಲಿ ಅಡಗಿಹೋಗುತ್ತೆ.

ಅಕ್ಕನ ಮನೆಯ ಕತೆ ಮುಂದುವರಿಸುತ್ತೇನೆ. ಕೆರೆದು ಹೊಸದಾಗಿ ಹಚ್ಚಿ, ಒಂಬತ್ತು ದಿನ ಬಿಟ್ಟು ಒಂದು ಭಾನುವಾರ ಸಂಜೆ ಗೆರೆ ಎಳೆದೆವು. ಸೋಮವಾರ ಸಂಜೆ ನೆಲದ ನೀರು 5 ಮಿಲಿಮೀಟರ್ ಇಳಿದಿತ್ತು, ಟಬ್ಬಿನದು 1. ಅಕ್ಕ ಕೆಳಗಿನಿಂದ "ತಾರಸಿ ಒಣಗಿದೆ ಕಣೋ, ಸಾಕಲ್ವಾ?" ಅಂದಳು. ಸಾಕಾಗಲ್ಲ ಅಂದೆ. ಮಂಗಳವಾರ ನೆಲದ್ದು ಒಟ್ಟು 9 ಇಳಿದಿತ್ತು, ಟಬ್ಬಿನದು 2. ಬುಧವಾರ ನೆಲದ್ದು 10, ಟಬ್ಬಿನದು 3. ಕೊನೆಯ ದಿನ ಎರಡೂ ಒಂದೊಂದೇ ಮಿಲಿಮೀಟರ್ ಇಳಿದದ್ದು ನೋಡಿ. ಅಂದರೆ ಸೋರಿಕೆ ನಿಂತಿತ್ತು. ಸೋರುವ ತೂತಿಗಿಂತ ನೀರು ಕೆಳಗೆ ಇಳಿದಮೇಲೆ ತಾನೇ ಸೋರಿಕೆ ನಿಲ್ಲುವುದು? ತೂತು ಈಗಿನ ನೀರಿನ ಗೆರೆಯ ಮಟ್ಟದಲ್ಲೇ ಎಲ್ಲೋ ಇರಬೇಕು.

ಟಾರ್ಚ್ ಹಿಡಿದು ನೀರಿನ ಅಂಚನ್ನೇ ನೋಡುತ್ತಾ ಸುತ್ತ ಬಂದೆವು. ಮೂಲೆಗಳು ಚೆನ್ನಾಗಿದ್ದವು. ಪೈಪುಗಳು ಸರಿ. ಬಾಗಿಲ ಬಳಿ ಹೊಸ್ತಿಲ ಕಲ್ಲು ಮತ್ತು ಗೋಡೆ ಸೇರುವ ಕಡೆ, ನೆಲದಿಂದ ಒಂದೂವರೆ ಸೆಂಟಿಮೀಟರ್ ಮೇಲೆ, ಅಕ್ಕಿಕಾಳಿನಷ್ಟು ಸಂದಿ. ಬ್ರಷ್ ಆ ಗಲ್ಲಿಗೆ ಹೋಗಿರಲಿಲ್ಲ. ಅದರ ಸುತ್ತ ಸಣ್ಣ ಸಣ್ಣ ಕಸ ಸಾಲಾಗಿ ಕೂತಿತ್ತು, ನೀರು ಎಳೆದುಕೊಂಡು ಹೋದ ಗುರುತು ಅದು. ನೀರು ತೆಗೆದು, ಎರಡು ದಿನ ಒಣಗಿಸಿ, ಸಂದಿಯನ್ನು ಬೆರಳಗಲ ಬಿಡಿಸಿ, ಸೀಲೆಂಟ್ ತುಂಬಿ, ಮೆಶ್ ಇಟ್ಟು ಎರಡು ಕೋಟ್ ಹಚ್ಚಿದೆವು. ಮತ್ತೆ ಏಳು ದಿನ, ಮತ್ತೆ ಮೂರು ದಿನ ನೀರು. ಎರಡನೇ ಸಲ ನೆಲದ್ದು 3, ಟಬ್ಬಿನದು 3.

ನಿಮ್ಮಲ್ಲಿ ನೀರು ನಿಲ್ಲದೆ ತಳದವರೆಗೂ ಇಳಿದುಹೋದರೆ ಟ್ರ್ಯಾಪಿನ ಸುತ್ತ ಹುಡುಕಿ, ಅದೇ ಎಲ್ಲಕ್ಕಿಂತ ತಗ್ಗು ಜಾಗ. ಹೊರಗಿಟ್ಟ ಬಕೆಟ್ಟಿನಲ್ಲಿ ನೀರು ಬಂದಿದ್ದರೆ ಮೊದಲು ಪ್ಲಗ್ ಸರಿ ಮಾಡಿ ಪರೀಕ್ಷೆ ಮತ್ತೆ ಶುರು ಮಾಡಿ, ಕೋಟನ್ನು ದೂರಬೇಡಿ. ಸಂಕನ್‌ನಿಂದ ಹೊರಗೆ ಒಂದು ಸಣ್ಣ ಪೈಪ್ ಬಿಟ್ಟಿದ್ದರೆ ಅದರ ಬಾಯಿಯನ್ನೂ ದಿನಾ ನೋಡಿ. ಅಲ್ಲಿ ಹನಿ ಹೊಸದಾಗಿ ಶುರುವಾದರೆ ಮೇಲಿನ ಕೋಟ್ ಬಿಟ್ಟಿದೆ.

ನೀರು ಕಟ್ಟುವುದರಿಂದ ಎರಡು ಇಂಚಿನ ಮೇಲಿನ ಗೋಡೆ ಪರೀಕ್ಷೆ ಆಗಲ್ಲ, ಅದು ನೆನಪಿರಲಿ. ಶವರ್ ಗೋಡೆಗೆ ಪೈಪಿನಿಂದ ಒಂದು ಗಂಟೆ ನೀರು ಬಿಟ್ಟು, ಮರುದಿನ ಗೋಡೆಯ ಆಚೆ ಬದಿ ಕೈಯಿಟ್ಟು ನೋಡಿ. ನಲ್ಲಿ, ಮಿಕ್ಸರ್ ಪೈಪುಗಳು ಗೋಡೆಯಿಂದ ಹೊರಬರುವ ಜಾಗಕ್ಕೂ ನೆಲದ ಪೈಪಿನಂತೆಯೇ ಸೀಲೆಂಟ್ ಬೇಕು.

ಪಾಸ್ ಆದಮೇಲೆ ಕೋಟನ್ನು ಬರಿಮೈಯಲ್ಲಿ ವಾರಗಟ್ಟಲೆ ಬಿಡಬೇಡಿ. ಒಂದು ಮಿಲಿಮೀಟರ್ ಪದರ ಅದು. ಟೈಲ್ಸ್ ಪೆಟ್ಟಿಗೆ ಎಳೆದರೆ, ಕರಣೆ ಬಿದ್ದರೆ, ಮೊಳೆ ಮೆಟ್ಟಿದರೆ ಹರಿಯುತ್ತೆ. ಟೈಲ್ಸ್ ಶುರುವಾಗುವ ತನಕ ಬಾಗಿಲಿಗೆ ಹಲಗೆ ಅಡ್ಡ ಇಡಿ. ಕೋಟ್ ನುಣುಪಾದ್ದರಿಂದ ಬರೀ ಸಿಮೆಂಟ್ ಹಾಲು ಹಾಕಿ ಟೈಲ್ಸ್ ಕೂರಿಸಿದರೆ, ಅದರಲ್ಲೂ ಗೋಡೆಯಲ್ಲಿ, ಕೆಲವು ವರ್ಷಕ್ಕೆ ಟೊಳ್ಳು ಸದ್ದು ಬರುತ್ತೆ. ಪಾಲಿಮರ್ ಇರುವ ಟೈಲ್ ಅಂಟು ತರಿಸಿ. ಚೀಲದ ಮೇಲೆ ಐಎಸ್ 15477 ಅಂತ ಇರುತ್ತೆ, ಟೈಪ್ 2 ಅಥವಾ ಅದಕ್ಕೆ ಮೇಲಿನದು ತೆಗೆದುಕೊಳ್ಳಿ. ಗಾರೆಯಲ್ಲೇ ಹಾಕುತ್ತೇನೆ ಅಂತ ಮೇಸ್ತ್ರಿ ಹಟ ಹಿಡಿದರೆ, ಎರಡನೇ ಕೋಟ್ ಹಸಿ ಇರುವಾಗಲೇ ತೊಳೆದು ಒಣಗಿಸಿದ ದಪ್ಪ ಮರಳು ಉದುರಿಸಿರಬೇಕು. ಈ ತೀರ್ಮಾನ ಕೋಟ್ ಹಚ್ಚುವ ಮುಂಚೆಯೇ ಆಗಲಿ.

ಗೋಡೆಗೆ ಟೈಲ್ಸ್ ಹಾಕುವ ದಿನ ಬೆಳಿಗ್ಗೆ ಇಂಚು ಟೇಪನ್ನು ಗೋಡೆಗೆ ಹಿಡಿದು, ಪೈಪುಗಳು ಎಲ್ಲಿ ಹೋಗಿವೆ, ಕೋಟ್ ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದು ಕಾಣುವಂತೆ ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಟವಲ್ ರಾಡು, ಗೀಸರ್, ಸೋಪಿನ ಸ್ಟ್ಯಾಂಡ್ ಹಾಕಲು ಡ್ರಿಲ್ ಮಾಡುವವರಿಗೆ ಆ ಫೋಟೊ ತೋರಿಸಿ. ಕೋಟ್ ಇರುವ ಜಾಗದಲ್ಲಿ ತೂತು ಹಾಕಲೇಬೇಕಾದರೆ, ಪ್ಲಗ್ ಹೊಡೆಯುವ ಮುಂಚೆ ಆ ತೂತಿನೊಳಗೆ ಸೀಲೆಂಟ್ ತುಂಬಲಿ.